‘ಜಾರಿಯಲ್ಲಿದೆ’ ಎಂದು ಬರೆಯಲಾರೆ

ರಾಮದುರ್ಗದಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಕಂಪನಿ ಇತ್ತು. ಹುಬ್ಬಳ್ಳಿ ಕಡೆಯ ಖಾಸಗಿ ಆಸ್ಪತ್ರೆಯೊಂದರ ವೈದ್ಯರು ಕೈಯಲ್ಲಿ ಬರೆದ ರೋಗಿಗಳ ವಿವರಗಳನ್ನು ನಾವು ಕಂಪ್ಯೂಟರಿಗೆ ಏರಿಸುತ್ತಿದ್ದೆವು. ಟೈಪಿಂಗ್ ಹುಡುಗಿಯರ ಮೇಲ್ವಿಚಾರಣೆ ನನ್ನದು. ಎರಡು ಸಾವಿರದ ದಶಕದ ಕೊನೆಯ ಹೊತ್ತಿಗೆ, ಮಾಹಿತಿ ಭದ್ರತೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ಇಲ್ಲದಿದ್ದರೆ ಕೆಲಸ ಕೊಡುವುದಿಲ್ಲ ಎಂದು ಆಸ್ಪತ್ರೆಯವರು ಪಟ್ಟು ಹಿಡಿದರು.

ಮಾಲೀಕರು ಬೆಳಗಾವಿಯಿಂದ ಒಬ್ಬ ಸಲಹೆಗಾರನನ್ನು ಕರೆಸಿದರು. ಆ ಮಾನದಂಡದಲ್ಲಿ ನೂರಕ್ಕೂ ಮಿಕ್ಕಿ ನಿಯಂತ್ರಣಗಳು, ಅಂದರೆ ಮಾಹಿತಿ ಸೋರದಂತೆ ಪಾಲಿಸಬೇಕಾದ ಕ್ರಮಗಳು. ಒಂದೊಂದರ ಎದುರಿಗೂ ಅದು ನಮಗೆ ಅನ್ವಯಿಸುತ್ತದೆಯೇ, ಅನ್ವಯಿಸಿದರೆ ನಾವು ಏನು ಮಾಡುತ್ತಿದ್ದೇವೆ ಎಂದು ಬರೆಯಬೇಕು. ಆತ ಬೇರೆ ಯಾವುದೋ ಕಂಪನಿಯ ಉತ್ತರಗಳನ್ನೇ ತಂದಿದ್ದ. ಹೆಸರು ಬದಲಿಸಿದ್ದ, ಅಷ್ಟೇ. ಅದರಲ್ಲಿ ನಮ್ಮ ಗೇಟಿಗೆ ಇಬ್ಬರು ಕಾವಲುಗಾರರಿದ್ದರು. ನಮಗೆ ಗೇಟೇ ಇರಲಿಲ್ಲ! ಬೀಗದ ಕೈ ಎದುರಿನ ಚಹಾದಂಗಡಿಯ ಮೊಳೆಗೆ ತೂಗಾಡುತ್ತಿತ್ತು. ಎಲ್ಲರಿಗೂ ಒಂದೇ ಪಾಸ್‌ವರ್ಡ್. ಕೆಲಸ ಬಿಟ್ಟು ಹೋದವರಿಗೂ ಅದು ಬಾಯಿಪಾಠ.

ನಾನು ಇದ್ದದ್ದನ್ನು ಇದ್ದಂತೆ ಬರೆದೆ. ಮಾಲೀಕರು ಕೆಂಪು ಪೆನ್ನಿನಿಂದ ಗೀಟು ಹೊಡೆದರು.

“ಅಕ್ಕಾರ, ನಮ್ಮ ಮರ್ಯಾದಿ ತಗೀಬೇಕಂತ ಮಾಡೀರೇನು? ಎಲ್ಲಾ ಕಡೆ ‘ಜಾರಿಯಲ್ಲಿದೆ’ ಅಂತ ಹಾಕ್ರಿ.”

“ಇಲ್ಲ ಅಂದ್ರ ಇಲ್ಲ ಅಂತ ಬರೀಬಹುದ್ರಿ. ಅದರಿಂದ ಏನು ಅಪಾಯ ಐತಿ, ಯಾರು ಯಾವಾಗ ಸರಿ ಮಾಡ್ತಾರ ಅಂತ ಯೋಜನಾ ಹಾಕಿದ್ರ ಮಾನದಂಡ ಒಪ್ಪತೈತಿ,” ಎಂದೆ.

ಸಲಹೆಗಾರ ನಕ್ಕ. “ಅಷ್ಟೆಲ್ಲಾ ಯಾರ್ ಓದ್ತಾರ್ರಿ ಬಾಯಾರ?”

ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ಬೇಡವಾದ ಕಾಗದಗಳ ವಿಲೇವಾರಿ ಎಂಬ ನಿಯಂತ್ರಣದ ಎದುರು ಆತ ‘ಯಂತ್ರದಲ್ಲಿ ಚೂರು ಮಾಡಲಾಗುತ್ತದೆ’ ಎಂದು ಬರೆದಿದ್ದ. ಜವಾಬ್ದಾರಿಯ ಕಾಲಮಿನಲ್ಲಿ ನನ್ನ ಹೆಸರು. ತಪ್ಪು ತಿದ್ದಲು ನಾವು ತೆಗೆಯುತ್ತಿದ್ದ ಪ್ರಿಂಟುಗಳೆಲ್ಲ ಮಾಲೀಕರ ಅಪ್ಪಣೆಯಂತೆ ತೂಕದ ಲೆಕ್ಕದಲ್ಲಿ ರದ್ದಿ ಅಂಗಡಿಗೆ ಹೋಗುತ್ತಿದ್ದವು. ಬೇಡವೆಂದು ನಾನು ಎಷ್ಟೋ ಸಲ ಹೇಳಿದ್ದೆ.

ಅದೇ ವಾರ ಹತ್ತಿರದ ಊರಾದ ಸುರೇಬಾನದಿಂದ ಒಬ್ಬ ತಾಯಿ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಎಣ್ಣೆ ಕುಡಿದ ಕಾಗದ, ಅದರ ಅಡಿಯಲ್ಲಿ ನಮ್ಮ ಕಂಪನಿಯ ಹೆಸರು.

“ಇದು ನಿಮ್ಮಲ್ಲಿಂದ ಬಂದದ್ದೇನು?”

ಓದಿದೆ. ಆಕೆಯ ಮಗಳ ಹೆಸರು, ಊರು, ಮೂರ್ಛೆ ರೋಗಕ್ಕೆ ಕೊಟ್ಟ ಔಷಧ. ಮಗಳಿಗೆ ಗೊತ್ತು ಮಾಡಿದ್ದ ವರನ ಸೋದರಮಾವನಿಗೆ ಸಂತೆಯಲ್ಲಿ ಇದರಲ್ಲೇ ಮಿರ್ಚಿ ಭಜಿ ಕಟ್ಟಿ ಕೊಟ್ಟಿದ್ದರು. ವರನ ಮನೆಯ ಹಿರಿಯರು ಆ ಕಾಗದವನ್ನು ಈಕೆಯ ಕೈಗಿಟ್ಟು ನಿಶ್ಚಯ ಮುರಿದಿದ್ದರು.

“ಹುಡುಗಗ ನಾವಽ ಹೇಳಿದ್ವಿ, ಅಂವ ಒಪ್ಪಿದ್ದ. ಊರಿಗೆಲ್ಲಾ ಹೇಳಾಕ ನೀವ್ಯಾರು?” ಆಕೆ ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಾಲೀಕರು ಒಳಕೋಣೆಯಿಂದ ಹೊರಗೆ ಬರಲೇ ಇಲ್ಲ. ಆಕೆ ಹೋದ ಮೇಲೆ ಬಂದು, “ಭಜಿ ಅಂಗಡಿಯವನ ತಪ್ಪು ಅದು,” ಎಂದರು.

“ಆಸ್ಪತ್ರಿಗೆ ತಿಳಸ್ರಿ. ಇಂಥಾದ್ದಾದ್ರ ವರದಿ ಮಾಡಬೇಕಂತ ಅದಕ್ಕೂ ಒಂದು ನಿಯಂತ್ರಣ ಐತಿ,” ಎಂದೆ, ದನಿ ಏರಿಸಿ. ಅವರು ಅದರ ಎದುರು ‘ಯಾವುದೇ ಘಟನೆ ನಡೆದಿಲ್ಲ’ ಎಂದು ಬರೆಸಿದರು. ಬರೆದದ್ದು ನಾನಲ್ಲ, ಸಲಹೆಗಾರ.

ಪ್ರಮಾಣಪತ್ರ ಕೊಡುವ ಸಂಸ್ಥೆಯ ಪರಿಶೋಧಕರು ಮೊದಲ ಹಂತದಲ್ಲಿ ದಾಖಲೆ ಓದಿದರು. ಎರಡನೆಯ ಹಂತಕ್ಕೆ ನೇರ ಕಚೇರಿಗೇ ಬಂದರು; ಬರೆದದ್ದು ನಡೆಯುತ್ತಿದೆಯೇ ಎಂದು ನೋಡುವುದೇ ಆ ಹಂತ. ಬೆಂಗಳೂರಿನ ಹೆಂಗಸು, ಮಾತು ಕಡಿಮೆ. ನನ್ನ ಹೆಸರಿನ ಮೇಲೆ ಬೆರಳಿಟ್ಟು, “ಕಾಗದ ಚೂರು ಮಾಡುವ ಯಂತ್ರ ತೋರಿಸಿ,” ಎಂದರು.

“ರಿಪೇರಿಗೆ ಹೋಗೈತ್ರಿ,” ಎಂದು ಮಾಲೀಕರು ನಡುವೆ ಬಾಯಿ ಹಾಕಿದರು.

“ಯಂತ್ರ ಎಂದೂ ಇರಲಿಲ್ಲ ಮೇಡಂ. ಕಾಗದ ರದ್ದಿಗೆ ಹೋಗತಾವ,” ಎಂದೆ. ಸುರೇಬಾನದ ವಿಷಯವನ್ನೂ, ಆ ಹುಡುಗಿಯ ಹೆಸರು ಎತ್ತದೆ, ಹೇಳಿದೆ. ಮಾಲೀಕರ ಮುಖ ಕಪ್ಪಿಟ್ಟಿತು. ಸಲಹೆಗಾರ ಚೀಲ ಹುಡುಕತೊಡಗಿದ.

ಗಂಭೀರ ಲೋಪ ಎಂದು ಪರಿಶೋಧಕರು ಬರೆದರು. ಸರಿಪಡಿಸಿ ಪುರಾವೆ ತೋರಿಸುವವರೆಗೆ ಪ್ರಮಾಣಪತ್ರವಿಲ್ಲ. ಆಮೇಲೆ ಯಂತ್ರ ಬಂತು, ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಬಂತು, ಆಸ್ಪತ್ರೆಗೆ ಪತ್ರವೂ ಹೋಯಿತು. ಕೆಲವು ತಿಂಗಳ ನಂತರ ಪ್ರಮಾಣಪತ್ರವೂ ಸಿಕ್ಕಿತು. ಮಾಲೀಕರು ಪೇಡೆ ಹಂಚಿದರು. ನಾನು ಮುಟ್ಟಲಿಲ್ಲ.

“ಸುರೇಬಾನಕ್ಕ ಹೋಗಿ ಕ್ಷಮಾ ಕೇಳ್ರಿ,” ಎಂದೆ.

“ಅದು ಯಾವ ನಿಯಂತ್ರಣದಾಗ ಐತಿ ಅಕ್ಕಾರ?” ಎಂದರು, ಪೇಡೆ ಜಗಿಯುತ್ತ.

ಮರುದಿನ ನಾನೊಬ್ಬಳೇ ಬಸ್ಸು ಹತ್ತಿ ಸುರೇಬಾನಕ್ಕೆ ಹೋದೆ. ಆ ತಾಯಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಕುಳಿತುಕೊಳ್ಳಲು ಹೇಳಿದಳು, ನೀರು ಕೊಟ್ಟಳು.

“ನೀ ಯಾಕ ಬಂದಿ ತಂಗಿ? ಬರಬೇಕಾದಾಂವ ಬರಲಿಲ್ಲಲಾ,” ಎಂದಳು. ಮಗಳು ಒಳಗಿನಿಂದ ಹೊರಗೆ ಬರಲಿಲ್ಲ. ನೀರಿನ ಲೋಟ ಕೆಳಗಿಟ್ಟು ಎದ್ದೆ.

ಆ ತಿಂಗಳೇ ನಾನು ಕೆಲಸ ಬಿಟ್ಟೆ.