ಧರ್ಮಪುರದಲ್ಲಿ ಅಪ್ಪನ ಪ್ರಸಂಗ

ಎಲ್ಲಾದರೂ ಹಸಿ ಶೇಂಗಾ ಬೇಯುತ್ತಿದ್ದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಉಪ್ಪುನೀರು, ಸಿಪ್ಪೆಗೆ ಅಂಟಿದ ಮಣ್ಣು, ಬಿಸಿ ಹಬೆ ಎಲ್ಲ ಬೆರೆತ ಆ ವಾಸನೆ ಹಿರಿಯೂರಿನ ನಮ್ಮ ಅಡುಗೆಮನೆಯದು. ಅಪ್ಪ ಅಲ್ಲಿ ಸಭಾಪಾಲಕರಾಗಿದ್ದರು. ಚರ್ಚಿನ ಪಕ್ಕದ ಆ ಹೆಂಚಿನ ಮನೆಯನ್ನು ಕೆಡವಿ ಈಗ ಗಾಡಿ ನಿಲ್ಲಿಸುವ ಜಾಗ ಮಾಡಿದ್ದಾರೆ. ನಿಮಗೂ ಅಂಥದೊಂದು ಮನೆ ಇದ್ದಿರಬಹುದು. ಗೋಡೆ ಬಿದ್ದ ಮೇಲೂ ವಾಸನೆ ಹೋಗದ ಮನೆ.

ಹಿರಿಯೂರಿಗೆ ಬರುವ ಮುಂಚೆ ನಾವು ಚಿತ್ರದುರ್ಗದಲ್ಲಿದ್ದೆವು. ಅಲ್ಲಿಯ ಸಭೆಯಲ್ಲಿ ಮೇಷ್ಟ್ರುಗಳು, ನರ್ಸುಗಳು, ಆಫೀಸಿನವರು. ಅಪ್ಪ ಶಾಸ್ತ್ರದ, ಅಂದರೆ ಬೈಬಲಿನ, ಒಂದು ಪತ್ರಿಕೆಯನ್ನು, ಆ ಕಾಲದ ಸಭೆಗಳಿಗೆ ಬರೆದ ಕಾಗದವನ್ನು, ಹಿಡಿದರೆ ತಿಂಗಳುಗಟ್ಟಲೆ ಬಿಡುತ್ತಿರಲಿಲ್ಲ. ಅದನ್ನು ಯಾರು, ಯಾರಿಗೆ, ಯಾವ ಜಗಳದ ನಡುವೆ ಬರೆದರು, ಈ ವಚನದ ‘ಆದ್ದರಿಂದ’ ಹಿಂದಿನ ಯಾವ ಮಾತಿಗೆ ಗಂಟು ಹಾಕಿದೆ ಅಂತ ಸಾಲು ಸಾಲಾಗಿ ಬಿಡಿಸುತ್ತಿದ್ದರು. ಜನ ಪೆನ್ಸಿಲ್ಲಿನಿಂದ ಗೆರೆ ಹಾಕಿಕೊಳ್ಳುತ್ತಿದ್ದರು. “ದೇವರ ವಾಕ್ಯ ಹೇಳಿದ್ದನ್ನ ನಾನು ಹೇಳಬೇಕು, ನಾನು ಹೇಳಬೇಕಾದ್ದನ್ನ ವಾಕ್ಯದ ಬಾಯಲ್ಲಿ ಹೇಳಿಸಬಾರದು,” ಅನ್ನುವುದು ಅವರ ಹಟ.

ಆ ಹಟ ಧರ್ಮಪುರದಲ್ಲಿ ಸೋತಿತು. ಹಿರಿಯೂರಿನ ಜೊತೆಗೆ ಆ ಊರಿನ ಚಿಕ್ಕ ಸಭೆಯೂ ಅಪ್ಪನ ಪಾಲಿಗೆ ಬಂದಿತ್ತು. ನಾನೂ ಅಮ್ಮನೂ ಅವರ ಜೊತೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅಲ್ಲಿ ಬರುತ್ತಿದ್ದವರು ಶೇಂಗಾ ಹೊಲದ ಕೂಲಿಯವರು. ಹೆಚ್ಚಿನವರಿಗೆ ಓದು ಬರದು. ಕೆಲಸ ಸಿಕ್ಕ ವಾರ ಬರುವುದಿಲ್ಲ, ಬಂದ ವಾರ ಹಿಂದಿನದು ಗೊತ್ತಿಲ್ಲ. ಹಾಗಿರುವಾಗ ‘ಆದ್ದರಿಂದ’ ಅಂದರೆ ಯಾವುದರಿಂದ? ತಲೆಗಳು ಒಂದೊಂದಾಗಿ ತೂಕಡಿಸತೊಡಗುತ್ತಿದ್ದವು.

ಆ ವರ್ಷ ರತ್ನಮ್ಮನ ಮಗ ಜ್ವರ ಬಂದು ತೀರಿಕೊಂಡ. ಸಭೆಗೆಲ್ಲ ಹಿರಿಯಳಂತಿದ್ದ, ಹಾಡು ಎತ್ತಿಕೊಡುತ್ತಿದ್ದ ಹೆಂಗಸು ಆಕೆ. ಸೊಸೆ ಶಾಂತಳ ಕಾಲ್ಗುಣವೇ ಸರಿಯಿಲ್ಲ ಅಂತ ಯಾರೋ ಆಡಿದರು. ರತ್ನಮ್ಮ ಅದನ್ನು ನಂಬಿ, ಕೂಸಿನ ಸಮೇತ ಸೊಸೆಯನ್ನು ತವರಿಗೆ ಕಳಿಸಿಬಿಟ್ಟಳು. ಅಪ್ಪನಿಗೆ ತಡೆಯಲಾಗಲಿಲ್ಲ. ಹಿರಿಯೂರಿನಲ್ಲಿ ಕುಡಿತದ ಬಗ್ಗೆ, ಮಕ್ಕಳನ್ನು ಬೆಳೆಸುವ ಬಗ್ಗೆ ಒಂದೊಂದು ವಿಷಯ ಎತ್ತಿಕೊಂಡು, ಶಾಸ್ತ್ರದ ಬೇರೆ ಬೇರೆ ಕಡೆಯಿಂದ ವಚನ ಕೂಡಿಸಿ ಪ್ರಸಂಗ ಮಾಡಿದ್ದು ಫಲಿಸಿತ್ತು. ಅಲ್ಲಿ ಜನರೇ ಅಂಥ ಪ್ರಶ್ನೆ ತಂದಿದ್ದರು. ಅದೇ ಧೈರ್ಯದಲ್ಲಿ ಇಲ್ಲಿ ‘ನಾಲಿಗೆ’, ಅಂದರೆ ಆಡಿದ ಮಾತೂ ನಂಬಿದ ಮಾತೂ ಮಾಡುವ ಕೇಡು, ಅನ್ನುವ ವಿಷಯ ಎತ್ತಿಕೊಂಡರು. ಪ್ರತಿ ವಚನಕ್ಕೂ ಎಲ್ಲರ ಕಣ್ಣು ರತ್ನಮ್ಮನ ಮೇಲೆ. ಆಕೆ ಸೆರಗು ಕೊಡವಿಕೊಂಡು ಎದ್ದಳು. “ಅಯ್ನೋರೆ, ನನ್ನ ಬೈಬೇಕಂದ್ರೆ ಮನೆಗೆ ಬಂದು ಬೈರಿ. ದೇವ್ರ ಹೆಸ್ರಾಗ್ಯಾಕೆ?” ಅಂದು ಹೊರಟುಹೋದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ, “ಮೊದಲು ತೀರ್ಪು ಬರೆದುಕೊಂಡು ಆಮೇಲೆ ವಚನ ಹುಡುಕಿದೆ,” ಅಂದರು. ಅಮ್ಮ, “ಮಗನ್ನ ಕಳಕೊಂಡೋಳಿಗೆ ಉಪದೇಶ ಯಾಕ್ರಿ? ಕಥೆ ಹೇಳ್ರಿ. ಕಥೆಯಾಗೆ ಆಕೀಗೆ ಕೂರಕ್ಕೆ ಜಾಗ ಐತೆ,” ಅಂದಳು.

ಮಾರನೆ ದಿನ ಅಪ್ಪ, ಅಮ್ಮ ಇಬ್ಬರೂ ರತ್ನಮ್ಮನ ಮನೆಗೆ ಹೋಗಿ ಕ್ಷಮೆ ಕೇಳಿ ಬಂದರು. ಮುಂದಿನ ಸಲ ಆಕೆ ಬಂದಳು, ಆದರೆ ಬಾಗಿಲ ಹತ್ತಿರವೇ ಕುಂತಳು. ಅಪ್ಪ ಪೀಠ ಬಿಟ್ಟು ಚಾಪೆಯ ಅಂಚಿಗೆ ಬಂದು ಶಾಸ್ತ್ರದ ಒಂದು ಕಥೆ ಶುರು ಮಾಡಿದರು. ಬರಗಾಲಕ್ಕೆ ಊರು ಬಿಟ್ಟ ಒಬ್ಬ ಹೆಂಗಸು, ಪರದೇಶದಲ್ಲಿ ಗಂಡನನ್ನೂ ಗಂಡುಮಕ್ಕಳನ್ನೂ ಮಣ್ಣು ಮಾಡಿದ್ದು. ‘ನಿಮ್ಮ ತವರಿಗೆ ಹೋಗಿ’ ಅಂತ ಇಬ್ಬರು ಸೊಸೆಯರಿಗೂ ಹೇಳಿದ್ದು. ಒಬ್ಬಳು ಅಳುತ್ತ ಹೋದದ್ದು, ಒಬ್ಬಳು ಉಳಿದು, ಅತ್ತೆಯ ಊರಿನ ಹೊಲದಲ್ಲಿ ಹಕ್ಕಲು ಆಯ್ದು ಅವಳಿಗೆ ಉಣ್ಣಿಸಿದ್ದು. ಶಾಸ್ತ್ರದಲ್ಲಿದ್ದ ಕ್ರಮದಲ್ಲೇ ಹೇಳಿದರು, ಇಲ್ಲದ್ದೇನೂ ಸೇರಿಸಲಿಲ್ಲ. ಕೊಯ್ದ ಹೊಲದಲ್ಲಿ ಉದುರಿದ್ದನ್ನು ಆಯುವುದು ಅಲ್ಲಿದ್ದವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನೀತಿಯ ಮಾತಿಗಾಗಿ ಎಲ್ಲರೂ ಕಾದರು. ಅಪ್ಪ ಹೇಳದೆ ಸುಮ್ಮನೆ ಕುಂತರು.

“ಆಯಮ್ಮನೂ ಹೋಗು ಅಂದ್ಲು, ನಾನೂ ಅಂದೆ,” ಅಂದಳು ರತ್ನಮ್ಮ, ಬಾಗಿಲಿಂದಲೇ. “ನಮ್ಮುಡ್ಗಿ ಹೋಗೇಬಿಟ್ಲು.”

“ಹೋದವಳನ್ನ ಕಥೆ ಬೈಯಲ್ಲ ಕಣಮ್ಮ,” ಅಂದರು ಅಪ್ಪ, ಅಷ್ಟೇ.

ಶೇಂಗಾ ಕೀಳುವ ಹೊತ್ತಿಗೆ ಶಾಂತ ಕೂಸನ್ನೆತ್ತಿಕೊಂಡು ಅತ್ತೆಯ ಪಕ್ಕದಲ್ಲಿ ಕುಂತಿದ್ದಳು. ಆ ಸುಗ್ಗಿಯ ಕಾಣಿಕೆಯೇ ನಮ್ಮ ಅಡುಗೆಮನೆಗೆ ಬಂದ ಶೇಂಗಾ.

ಹಾಗಂತ ಅಪ್ಪ ಕಥೆಯೊಂದನ್ನೇ ನೆಚ್ಚಿಕೊಳ್ಳಲಿಲ್ಲ. ಮುಂದೊಮ್ಮೆ ಯಾರೋ ಪರವೂರಿನ ಬೋಧಕ ಬಂದು, ಒಂಟಿ ವಚನವೊಂದನ್ನು ಕಿತ್ತು ತೋರಿಸಿ, ನಂಬಿಕೆ ಇದ್ದವರಿಗೆ ಕಾಯಿಲೆ ಬರಲ್ಲ ಅಂದುಹೋದ. ಜನ ಮಾತ್ರೆ ನುಂಗುವುದನ್ನು ಬಿಟ್ಟರು. ಆಗ ಕಥೆ ಸಾಲದು, ಆ ವಚನ ಇದ್ದ ಜಾಗವನ್ನೇ ತೋರಿಸಬೇಕು ಅಂತ ಅಪ್ಪ ಮತ್ತೆ ವಿವರಣೆಗೆ ಕುಂತರು. ಆದರೆ ಈ ಸಲ ಚಿಕ್ಕ ಭಾಗ. ಅಮ್ಮ ಗಟ್ಟಿಯಾಗಿ ಎರಡೆರಡು ಸಲ ಓದಬೇಕು, ಆ ದಿನದ್ದು ಆ ದಿನವೇ ಮುಗಿಯಬೇಕು. ರತ್ನಮ್ಮನೇ ಕೇಳುತ್ತಿದ್ದಳು: “ಅದರ ಹಿಂದ್ಲ ಮಾತೇನೈತೆ, ಓದ್ರಿ.”

ರತ್ನಮ್ಮ ಈಗಿಲ್ಲ, ಅಮ್ಮನೂ ಇಲ್ಲ. ಅಪ್ಪ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಶಾಂತ ನೋಡಲು ಬಂದಿದ್ದಳು, ತಲೆ ನರೆತಿತ್ತು. ಅತ್ತೆ ತನ್ನನ್ನು ಕರೆಯಲು ಬಂದ ದಿನದ್ದನ್ನು ಅಪ್ಪನಿಗೆ ಹೇಳಿದಳು. ಅದುವರೆಗೆ ನಮಗ್ಯಾರಿಗೂ ಅದು ಗೊತ್ತಿರಲಿಲ್ಲ. ರತ್ನಮ್ಮ ತವರಿನ ಅಂಗಳದಲ್ಲಿ ಬಿಸಿಲಿಗೆ ನಿಂತೇ ಇದ್ದಳಂತೆ, ಒಳಗೆ ಬರಲು ಒಪ್ಪಲಿಲ್ಲವಂತೆ. “ನೀನು ಬರ್ತೀನಿ ಅನ್ನೋ ತಂಕ ನಾನು ಒಳಗೆ ಹೆಂಗೆ ಬರ್ಲಿ ಅಂದ್ಲು,” ಅಂದು ಶಾಂತ ಕಣ್ಣೊರೆಸಿಕೊಂಡಳು.

ಜೀವಮಾನವೆಲ್ಲ ಹೇಳುತ್ತಲೇ ಬಂದ ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವಳು ಮಾತು ನಿಲ್ಲಿಸಿದಾಗ, ಮಗುವಿನ ಹಾಗೆ, “ಆಮೇಲೆ?” ಅಂದರು.