ಮಸ್ಕಿ ರಸ್ತೆಯ ಸತ್ತ ಪ್ರಾಣಿಯ ಎರಡು ಫೋಟೊ

ಹೈದರಾಬಾದ್ ರಾಜ್ಯ ಇನ್ನೂ ಒಡೆದಿರಲಿಲ್ಲ. ನಾನು ಲಿಂಗಸೂಗೂರಿನ ದನದ ದವಾಖಾನೆಯಲ್ಲಿ ಡಾಕ್ಟರನಾಗಿದ್ದೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿದ್ದ ಕಾಲ. ಒಂದು ಮಳೆಗಾಲದ ಬೆಳಿಗ್ಗೆ ಸಂತೆಕಲ್ಲೂರಿನ ಕಡೆಯ ಗೌಡರೊಬ್ಬರು ಬಂದು ಮೇಜಿನ ಮೇಲೆ ಒಂದು ಫೋಟೊ ಇಟ್ಟರು.

"ಡಾಕ್ಟರ್ ಸಾಹೇಬ್ರ, ಇದು ನಾಯಿ ಅಂತ ಬರದು ಒಂದು ಸಹಿ ಹಾಕಿಬಿಡ್ರಿ."

ಅವರ ಹಿಂದೆ ಬಾಗಿಲಲ್ಲಿ ಕುರಿ ಕಾಯುವ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಗೌಡರ ಕುರಿಮರಿಗಳು ಒಂದೊಂದಾಗಿ ಕಾಣೆಯಾಗುತ್ತಿದ್ದವಂತೆ. ಅವಳ ಮೂರು ನಾಯಿಗಳಲ್ಲಿ ಒಂದು ತಪ್ಪಿಸಿಕೊಂಡಿತ್ತು. ಅಷ್ಟರಲ್ಲಿ ಗೌಡರ ದೊಡ್ಡಿಯ ಹತ್ತಿರ, ಮಸ್ಕಿ ರಸ್ತೆಯಲ್ಲಿ, ಲಾರಿಗೆ ಸಿಕ್ಕ ಪ್ರಾಣಿಯೊಂದು ಕೊಳೆತು ಬಿದ್ದಿತ್ತು. ಅದು ಅವಳ ನಾಯಿಯೇ ಎಂದು ಗೌಡರ ವಾದ. ಮರಿಯ ರುಚಿ ಕಂಡ ಹಿಂಡಿನ ಉಳಿದೆರಡಕ್ಕೂ ಗುಂಡು ಹೊಡೆಯಬೇಕು ಎಂದು ಹಟ. ಕಾವಲಿಗೆ ನಾಯಿ ಇಲ್ಲದೆ ರಾತ್ರಿ ಬಯಲ ಹೊಲಗಳಲ್ಲಿ ಕುರಿ ತಂಗಿಸಿ ಮಂದೆ ಹಾಕಲಾದೀತೆ? ಅವಳ ಬದುಕೇ ಹೋದಂತೆ.

"ಅದು ನಮ್ಮ ನಾಯಿ ಅಲ್ರಿ ಯಪ್ಪಾ," ಎಂದಳು ಅವಳು. "ಆದ್ರ ನಾ ಅಂದ್ರ ಯಾರು ಕೇಳ್ತಾರ?"

ಹೋಗಿ ನೋಡೋಣವೆಂದರೆ ಹೆಣವೇ ಇರಲಿಲ್ಲ. ಹಳ್ಳಕ್ಕೆ ಎಳೆದು ಹಾಕಿದ ಮೇಲೆ ಹಳ್ಳ ಬಂದು ಕೊಚ್ಚಿಕೊಂಡು ಹೋಗಿತ್ತು. ಉಳಿದದ್ದು ಅದಕ್ಕೆ ಮೊದಲೇ ಗೌಡರು ತೆಗೆಸಿದ್ದ ಈ ಫೋಟೊ ಮಾತ್ರ. ಅದರಲ್ಲಿ ತಲೆ ಜಜ್ಜಿಹೋಗಿ ಕಿವಿ, ಹಲ್ಲು ಯಾವುದೂ ಗೊತ್ತಾಗುತ್ತಿರಲಿಲ್ಲ. ಬಾಲವನ್ನು ಯಾವುದೋ ತಿಂದುಹಾಕಿತ್ತು. ಹೊಟ್ಟೆ ಉಬ್ಬಿ ಬೆನ್ನಿನ ಇಳಿಜಾರೂ ತಿಳಿಯದಂತಾಗಿತ್ತು. ಕೊಳೆತ ಚರ್ಮದಿಂದ ಕೂದಲು ಕಿತ್ತುಬಂದಿದ್ದರಿಂದ ಪಟ್ಟೆ ಇತ್ತೋ ಇಲ್ಲವೋ ಹೇಳುವಂತಿರಲಿಲ್ಲ. ಕಾಲುಗಳಂತೂ ಹೊಟ್ಟೆಯಡಿ ಅಚ್ಚುಕಟ್ಟಾಗಿ ಮಡಚಿಕೊಂಡಿದ್ದವು.

"ನಾಯಿ ಅಂತಾನೂ ಹೇಳಾಕ ಬರಂಗಿಲ್ಲ, ಅಲ್ಲ ಅಂತಾನೂ ಬರಂಗಿಲ್ಲ," ಎಂದೆ.

ಗೌಡರು ಫೋಟೊದ ಕೊರಳಿಗೆ ಬೆರಳಿಟ್ಟರು. ಸುತ್ತಲೂ ಕೂದಲಿಲ್ಲದ ಒಂದು ಬಿಳಿ ಗೆರೆ. "ಇದೇನ್ರಿ ಹಂಗಾದ್ರ? ಪಟ್ಟಿ ಕಟ್ಟಿದ ಗುರುತು! ಕಾಡಿನ ಪ್ರಾಣಿಗೆ ಪಟ್ಟಿ ಯಾರು ಕಟ್ತಾರ?"

ಗೆರೆಯೇನೋ ಪಟ್ಟಿಯ ಗುರುತಿನಂತೆಯೇ ಇತ್ತು. ಆದರೂ ಆ ಮಡಚಿದ ಕಾಲುಗಳು ನನ್ನ ತಲೆ ತಿನ್ನತೊಡಗಿದವು. ಲಾರಿ ಹೊಡೆದ ಪ್ರಾಣಿ ಹೀಗೆ ಮಲಗೀತೆ? ಗೌಡರನ್ನೂ ಅವಳನ್ನೂ ಕರೆದುಕೊಂಡು ನೆಟ್ಟಗೆ ಅದನ್ನು ತೆಗೆದ ಫೋಟೊ ಸ್ಟುಡಿಯೋಗೆ ನಡೆದೆ.

ಸ್ಟುಡಿಯೋದವರು ಊರಲ್ಲಿ ಯಾರು ತೀರಿಕೊಂಡರೂ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ಹಾರ ಸರಿಮಾಡಿ, ಮನೆಯವರನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೊ ತೆಗೆಯುವವರು. ಈ ಪ್ರಾಣಿಗೂ ಅದೇ ಮರ್ಯಾದೆ ಮಾಡಿದ್ದರು.

"ಕಾಲು ಅಡ್ಡಾದಿಡ್ಡಿ ಚಾಚಿದ್ವು ಸಾಬ್, ನೋಡಾಕ ಚಂದ ಕಾಣಲಿಲ್ಲ. ಮಡಚಿಸಿದೆ. ಮೊದಲು ತೆಗೆದದ್ದು ಕೆಟ್ಟೈತಿ ಅಂತ ಬಿಟ್ಟೀನಿ."

"ಆ ಕೆಟ್ಟದ್ದನ್ನೇ ದೊಡ್ಡದು ಮಾಡಿ ಕೊಡ್ರಿ!" ಎಂದು ಕೂಗಿಯೇಬಿಟ್ಟೆ.

ಹಸಿ ಹಸಿಯಾಗಿಯೇ ಕೈಗೆ ಬಂತು ಆ ಚಿತ್ರ. ಮೊದಲು ಕಂಡದ್ದು ಕೊರಳು. ರಸ್ತೆಯಿಂದ ಬದಿಗೆ ಎಳೆದ ಹಗ್ಗದ ಕುಣಿಕೆ ಇನ್ನೂ ಅಲ್ಲೇ ಇತ್ತು, ಅದು ಉಜ್ಜಿದಲ್ಲೆಲ್ಲ ಕೂದಲು ಬಿಟ್ಟುಬಂದಿತ್ತು. ಬಿಳಿ ಗೆರೆಯ ಗುಟ್ಟು ಇಷ್ಟೇ. ಮುಂಗಾಲುಗಳಲ್ಲಿ ಒಂದು ನಜ್ಜುಗುಜ್ಜಾಗಿತ್ತು, ಅದರಿಂದ ಏನೂ ಹೇಳುವಂತಿರಲಿಲ್ಲ. ಇನ್ನೊಂದರ ಒಳಮಗ್ಗುಲು ಕ್ಯಾಮೆರಾದ ಕಡೆಗೇ ತಿರುಗಿತ್ತು. ಭೂತಗನ್ನಡಿ ಹಿಡಿದೆ. ನಾಲ್ಕೇ ಬೆರಳು. ಅವುಗಳ ಮೇಲೆ, ನಾಯಿಗೆ ಐದನೆಯ ಪುಟ್ಟ ಉಗುರು ಇರುವ ಜಾಗದಲ್ಲಿ, ಚರ್ಮ ನುಣ್ಣಗಿತ್ತು. ಹರಿದ ಗುರುತಿಲ್ಲ, ಗಾಯವಿಲ್ಲ. ಅಲ್ಲಿ ಚರ್ಮ ಕಿತ್ತುಹೋಗಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ.

"ನಾಯಿ ಅಲ್ಲ ಗೌಡ್ರ. ನಾಯಿ, ತೋಳ, ನರಿಗೆಲ್ಲ ಆ ಐದನೇ ಉಗುರು ಇರ್ತೈತಿ, ಕತ್ತೆಕಿರುಬಕ್ಕ ಇರಂಗಿಲ್ಲ. ನನ್ನ ಲೆಕ್ಕದಾಗ ಇದು ಕತ್ತೆಕಿರುಬ."

"ಹಂಗಾದ್ರ ನಮ್ಮ ಮರಿ ತಿಂದದ್ದು ಇದೇ ಏನು?"

"ಅದನ್ನ ಫೋಟೊ ಹೇಳಂಗಿಲ್ರಿ. ಇದು ನಾಯಿ ಅಲ್ಲ ಅನ್ನೋದನ್ನಷ್ಟ ಹೇಳ್ತೈತಿ. ಸಹಿ ಅದಕ್ಕಷ್ಟ ಹಾಕ್ತೀನಿ."

ಮರುದಿನ ನಾನೇ ಊರಿಗೆ ಹೋದೆ. ಚಾವಡಿಯ ಮುಂದೆ ಅವಳ ಎರಡು ನಾಯಿಗಳನ್ನು ಕಟ್ಟಿಹಾಕಿದ್ದರು, ಬಂದೂಕಿನವನೂ ಬಂದು ಕೂತಿದ್ದ. ನಾನು ಚಿತ್ರವನ್ನು ಎತ್ತಿ ಹಿಡಿದೆ. ಅವಳು ಒಂದು ನಾಯಿಯ ಮುಂಗಾಲನ್ನು ಎತ್ತಿ ಒಳಮಗ್ಗುಲಿನ ಆ ಪುಟ್ಟ ಉಗುರನ್ನು ಎಲ್ಲರಿಗೂ ತೋರಿಸಿದಳು. "ನೋಡ್ರೆಪ್ಪಾ, ಕಣ್ಣು ಬಿಟ್ಟು ನೋಡ್ರಿ!" ಅಂದು ಊರಲ್ಲಿ ಕಾಲು ಎತ್ತಿಸಿಕೊಳ್ಳದ ನಾಯಿಯೇ ಉಳಿಯಲಿಲ್ಲ. ಕೊನೆಗೆ ಗೌಡರೂ ತಮ್ಮ ನಾಯಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅದರ ಕಾಲು ಹಿಡಿದು ನೋಡಿದರು, ಬಂದೂಕಿನವನಿಗೆ ಹೋಗೆಂದು ಕೈಸನ್ನೆ ಮಾಡಿದರು. ನನಗಾದ ಖುಷಿ ಅಷ್ಟಿಷ್ಟಲ್ಲ, ಎದೆಯುಬ್ಬಿಸಿ ನಿಂತಿದ್ದೆ.

ಅವಳು ನಾಯಿಗಳ ಹಗ್ಗ ಬಿಚ್ಚಿದಳು. ಗೌಡರು ಗಂಟಲು ಸರಿಮಾಡಿಕೊಂಡು, "ಇವತ್ತಿನ ಕುರಿ ಮಂದೆ ನಮ್ಮ ಹೊಲದಾಗ ಹಾಕವಾ, ಗೊಬ್ಬರ ಬೇಕಾಗೇತಿ," ಎಂದರು.

"ಈ ವರ್ಷ ಆಗಂಗಿಲ್ರಿ ಗೌಡ್ರ," ಎಂದಳು ಅವಳು, ನಗುತ್ತಲೇ. ಆ ಸಂಜೆ ಅವಳ ಕುರಿಗಳೆಲ್ಲ ಗೌಡರ ಹೊಲವನ್ನು ದಾಟಿ ಪಕ್ಕದವರ ಹೊಲದಲ್ಲಿ ಇಳಿದವು. ಹಿಂದಿನಿಂದ ಎರಡು ನಾಯಿಗಳು ಬಾಲ ಎತ್ತಿಕೊಂಡು ನಡೆದಿದ್ದವು.