ಸಂಬಂಧಪಟ್ಟವರ ಹೆಸರು

ಬೀದರಿನಲ್ಲಿ ಬೋರ್‌ವೆಲ್ ಮೋಟಾರು ಮಾರುವ ಅಂಗಡಿಯೊಂದರಲ್ಲಿ ದೂರುಗಳಿಗೆ ಉತ್ತರ ಬರೆಯುವುದು ಕೆಲವು ವರ್ಷ ನನ್ನ ಕೆಲಸವಾಗಿತ್ತು. ಮಳೆ ಕೈಕೊಟ್ಟ ವರ್ಷಗಳು ಅವು. ಅರ್ಧ ಜಿಲ್ಲೆ ಹೈದರಾಬಾದಿನ ಬಸ್ಸು ಹತ್ತಿತ್ತು, ಉಳಿದರ್ಧ ನಮ್ಮ ಅಂಗಡಿಯ ಮುಂದೆ ನಿಂತಿತ್ತು. ಬಿ.ಎ.ಯಲ್ಲಿ ಓದಿದ ಕನ್ನಡ ಕಡೆಗೂ ಉಪಯೋಗಕ್ಕೆ ಬಂತೆಂದು ಮೈಲೂರದ ನಮ್ಮ ಮನೆಯಲ್ಲಿ ಎಲ್ಲರಿಗೂ ಹೆಮ್ಮೆ.

ಉಪಯೋಗ ಎಂದರೆ ಎರಡು ಸಾಲು. "ತಮ್ಮ ದೂರು ತಲುಪಿದೆ. ಸಂಬಂಧಪಟ್ಟವರು ಶೀಘ್ರದಲ್ಲೇ ಸೂಕ್ತ ಕ್ರಮ ಕೈಗೊಳ್ಳುವರು." ಪ್ರತಿ ದೂರಿಗೂ ಲಿಖಿತ ಉತ್ತರ ಹೋಗಬೇಕೆಂದು ಮೋಟಾರು ತಯಾರಿಸುವ ಕಂಪನಿಯವರು ತಾಕೀತು ಮಾಡಿದ್ದರು. ಉತ್ತರದಲ್ಲಿ ಏನಾದರೂ ಇರಬೇಕೆಂದು ಹೇಳಿರಲಿಲ್ಲ. ಹಾಗಾಗಿ ಉತ್ತರ ಕೊಡುವುದರಲ್ಲಿ ನಮ್ಮ ಅಂಗಡಿಯನ್ನು ಮೀರಿಸಿದವರಿರಲಿಲ್ಲ, ಮೋಟಾರು ಮಾತ್ರ ಬಾವಿಯಲ್ಲೇ ಇರುತ್ತಿತ್ತು.

ಇದಕ್ಕೆ ನಮ್ಮ ಕಡೆಯ ಮರ್ಯಾದೆಯೂ ಕಾರಣ. ಮುಂದೆ ಬಂದು ನಿಂತವರಿಗೆ "ಆಗಂಗಿಲ್ಲ" ಎನ್ನುವುದು ನಮ್ಮಲ್ಲಿ ಒರಟುತನ. ಅದಕ್ಕೇ "ನಾಳಿ ಆಗ್ತದ್ರಿ" ಎಂದು ಚಹಾ ಕುಡಿಸಿ ಕಳಿಸುತ್ತೇವೆ. ದರ್ಜಿಯ ಬಳಿ ಕುಪ್ಪಸ ಕೊಟ್ಟವರಿಗೆ ಈ ನಾಳೆಯ ಅರ್ಥ ಗೊತ್ತು, ಅವರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಮ್ಮ ಮೆಕ್ಯಾನಿಕ್ ಬಹಳ ಮರ್ಯಾದಸ್ಥ. ಭಾಲ್ಕಿಯಲ್ಲಿ ಒಬ್ಬರಿಗೆ, ಕಮಠಾಣದಲ್ಲಿ ಇನ್ನೊಬ್ಬರಿಗೆ, ಔರಾದದಲ್ಲಿ ಮೂರನೆಯವರಿಗೆ ಅದೇ ನಾಳೆಯನ್ನು ಹಂಚಿಟ್ಟಿರುತ್ತಿದ್ದ. ಮೋಟಾರು ಮೇಲೆತ್ತುವ ಚೈನ್‌ಪುಲ್ಲಿ ಅಂಗಡಿಗೆ ಒಂದೇ ಇತ್ತು.

ಒಂದು ದಿನ ಬೆಳಿಗ್ಗೆ ಔರಾದ ತಾಲ್ಲೂಕಿನ ಹಳ್ಳಿಯಿಂದ ಕುರಿ ಸಾಕುವ ಮನೆಯ ಹೆಂಗಸೊಬ್ಬರು ಬಂದರು. ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ನನ್ನದೇ ಅಕ್ಷರದ ಎರಡು ಸಾಲನ್ನು ಮೇಜಿನ ಮೇಲಿಟ್ಟರು.

"ಇದು ನೀವು ಬರ್ದಿದ್ದೇನ್ರಿ, ಬಾಯಿ?"

"ಹೌದ್ರಿ, ಅಕ್ಕಾ."

"ಸಂಬಂಧಪಟ್ಟವರು ಅಂತ ಬರ್ದೀರಿ. ಅವರು ಯಾರ್ರಿ? ಎಲ್ಲಿ ಇರ್ತಾರ? ನಾ ಅವರಿಗೇ ಭೆಟ್ಟಿ ಆಗ್ತೇನಿ."

ಅಷ್ಟು ಕಾಗದಗಳಲ್ಲಿ ನಾನು ಹೊಗಳಿ ಬರೆದಿದ್ದ ಆ ಮಹಾನುಭಾವರನ್ನು ನಾನೂ ನೋಡಿರಲಿಲ್ಲ.

ಅವರ ಕಥೆ ಸರಳ. ಬೋರಿನ ಮೋಟಾರು ನಿಂತಿದೆ. ಅವರ ಕುರಿಗಳು ಕುಡಿಯುವುದು ಆ ನೀರನ್ನೇ. ಅಮಾವಾಸ್ಯೆಯ ಮರುದಿನ ಊರಿನ ಹಿಂಡುಗಳೆಲ್ಲ ಕೂಡಿ ನಾಂದೇಡ ಕಡೆ, ಗೋದಾವರಿ ದಂಡೆಗೆ ಹೊರಡುತ್ತವೆ. ಮೋಟಾರು ಅಷ್ಟರೊಳಗೆ ಚಾಲೂ ಆದರೆ ಇವರು ಊರಲ್ಲೇ ಉಳಿಯಬಹುದು, ಮಗಳ ಶಾಲೆ ತಪ್ಪುವುದಿಲ್ಲ. ಆಗದಿದ್ದರೆ ಗುಂಪಿನ ಜೊತೆ ಹೋಗಲೇಬೇಕು. ಕಾಯುತ್ತ ಕೂತು ಗುಂಪು ತಪ್ಪಿದರೆ, ಒಂದೇ ಮನೆಯವರು ಹಿಂಡು ಹೊಡೆದುಕೊಂಡು ಅಷ್ಟು ದೂರ ಹೋಗಲಾಗದು. ದಾರಿಯಲ್ಲಿ ಕಳ್ಳರಿದ್ದಾರೆ, ತೋಳಗಳಿವೆ.

"ನೀರ್ ಕೊಡ್ರಿ ಅಂತ ಜುಲುಮಿ ಮಾಡಂಗಿಲ್ರಿ," ಎಂದರು. "ಯಾವಾಗ ಅಂತ ಖರೆ ಹೇಳ್ರಿ. ಇರ್ಲೋ, ಹೋಗ್ಲೋ ನಾ ನೋಡ್ಕೋತೇನಿ."

ಮೆಕ್ಯಾನಿಕ್‌ನನ್ನು ಕರೆದೆ. ಅವನು ಅವರಿಗೆ ಕೈಮುಗಿದು, ನಿರೀಕ್ಷೆಯಂತೆ, "ನಾಳಿ ಬರ್ತೇನ್ರಿ, ಅಕ್ಕಾ" ಎಂದ.

"ಚೈನ್‌ಪುಲ್ಲಿ ಎಲ್ಲದ?" ಎಂದು ಕೇಳಿದೆ.

"ಭಾಲ್ಕ್ಯಾಗದ್ರಿ. ಗುರುವಾರ ತನಕ."

"ಹಂಗಾದ್ರ ನಾಳಿ ಮೋಟಾರು ಹಲ್ಲಿಲೆ ಕಚ್ಚಿ ಎತ್ತತೀಯೇನು?"

ಅವನು ನಕ್ಕ. ಆಮೇಲೆ ಕೂತು ಇಬ್ಬರೂ ಲೆಕ್ಕ ಹಾಕಿದೆವು. ಶುಕ್ರವಾರ ಔರಾದ ಕಡೆ ಹೋಗಿ ಎತ್ತಬೇಕು. ಬೀದರಿಗೆ ತಂದು ಬಿಚ್ಚಿದ ಮೇಲೆಯೇ ಏನು ಕೆಟ್ಟಿದೆ ಎಂದು ಗೊತ್ತಾಗುವುದು. ವೈಂಡಿಂಗ್ ಸುಟ್ಟಿದ್ದರೆ ತಂತಿ ಸುತ್ತಿಸಬೇಕು, ನಮಗಿಂತ ಮೊದಲು ಸುತ್ತುವವನ ಅಂಗಡಿಯಲ್ಲಿ ಇನ್ನೂ ಮೋಟಾರುಗಳ ಸಾಲಿದೆ. ಎಲ್ಲ ಸುಸೂತ್ರವಾದರೂ ಅಮಾವಾಸ್ಯೆ ದಾಟಿ ಮುಂದಿನ ಬುಧವಾರ.

ನಾನು ಹೊಸ ಕಾಗದ ತೆಗೆದುಕೊಂಡು ಬರೆದೆ: ನಿಮ್ಮ ಮೋಟಾರು ನೀರೆತ್ತುತ್ತಿಲ್ಲ, ಸ್ಟಾರ್ಟರ್ ಒತ್ತಿದ ಕೂಡಲೇ ಆಫ್ ಆಗುತ್ತಿದೆ ಎಂಬ ದೂರು ಬಂದಿದೆ. ನಮ್ಮ ಮೊದಲ ಉತ್ತರದಿಂದ ನಿಮಗೇನೂ ತಿಳಿಯಲಿಲ್ಲ, ಕ್ಷಮಿಸಿ. ಈ ಕೆಲಸದ ಹೊಣೆ ಇಂಥವರದು, ಫೋನ್ ನಂಬರು ಇಂಥದು. ಶುಕ್ರವಾರ ಎತ್ತುತ್ತೇವೆ. ವೈಂಡಿಂಗ್ ಮಾತ್ರ ಹೋಗಿದ್ದರೆ ಬುಧವಾರ ಇಳಿಸುತ್ತೇವೆ. ಬೇರೆ ಸಾಮಾನು ಕಂಪನಿಯಿಂದ ಬರಬೇಕಾದರೆ ಬಿಚ್ಚಿದ ದಿನವೇ ಫೋನಿನಲ್ಲಿ ಹೊಸ ತಾರೀಖು ತಿಳಿಸುತ್ತೇವೆ. ಹೇಗೇ ಆದರೂ ಬುಧವಾರ ಸಂಜೆಯೊಳಗೆ ನಾವೇ ಫೋನ್ ಮಾಡುತ್ತೇವೆ. ಅಲ್ಲಿಯವರೆಗೆ ಸ್ಟಾರ್ಟರ್ ಒತ್ತಬೇಡಿ.

ಸಹಿಗೆಂದು ಕೊಟ್ಟ ಕಾಗದ ಓದಿದ ಅಂಗಡಿಯ ಸಾವ್ಕಾರರ ಮುಖ ಕೆಂಪಾಯಿತು. "ಇಷ್ಟ್ ದಿನ ಅಂತ ಬರದ್ರ ಗಿರಾಕಿ ಎದ್ದ್ ಹೋಗ್ತಾರವ್ವಾ!"

"ಎಲ್ಲಿ ಹೋಗ್ತಾರ್ರಿ, ಸಾವ್ಕಾರ್ರೆ? ಮೋಟಾರು ಬಾವ್ಯಾಗದ."

"ಮತ್ತ ಹೆಸರ್ ಯಾಕ? ಕಂಪನಿಯವರು ನೋಡಿದ್ರ?"

"ಹೆಸರು ನಿಮ್ದಲ್ರಿ, ಮೆಕ್ಯಾನಿಕ್‌ದು."

ಸಾವ್ಕಾರರು ಕಾಗದವನ್ನು ಮತ್ತೊಮ್ಮೆ ಓದಿದರು. ಬೈಗುಳ ಬಂದರೆ ಅದು ಇನ್ನೊಬ್ಬರ ವಿಳಾಸಕ್ಕೆ ಹೋಗುತ್ತದೆಂದು ಹೊಳೆದಾಗ ಅವರ ಮುಖದಲ್ಲಿ ಮೂಡಿದ ಶಾಂತಿಯನ್ನು ನಾನು ಯಾವ ಮಠದಲ್ಲೂ ಕಂಡಿಲ್ಲ. ಕೂಡಲೇ ಸಹಿ ಹಾಕಿದರು.

ಅಕ್ಕ ಕಾಗದವನ್ನು ತಾವೇ ನಿಧಾನವಾಗಿ ಓದಿಕೊಂಡರು. ಬುಧವಾರ ಎಂಬಲ್ಲಿ ಬೆರಳು ನಿಂತಿತು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ನನಗೂ ಹಗುರವಾಗುತ್ತಿತ್ತು.

"ಹಂಗಾದ್ರ ನಾವು ಹೋಗ್ತೇವ್ರಿ," ಎಂದರು. "ಮಗಳಿಗ ನಾನೇ ಹೇಳ್ತೇನಿ." ಕಾಗದ ಮಡಚಿಕೊಂಡು ಔರಾದ ಬಸ್ಸಿಗೆ ನಡೆದರು. ಒಂದು ಹುಡುಗಿಯ ಶಾಲೆಯನ್ನು ನನ್ನ ಕೈಯಾರೆ ಬಿಡಿಸಿದಂತೆನಿಸಿತು.

ಆಮೇಲೆ ನಡೆದದ್ದು ಪವಾಡ. ಕಾಗದದಲ್ಲಿ ತನ್ನ ಹೆಸರಿದೆ ಎಂದು ಮೆಕ್ಯಾನಿಕ್ ಶುಕ್ರವಾರ ನಿಜವಾಗಿಯೂ ಹೋದ! ಮೋಟಾರು ಎತ್ತಿದ, ವೈಂಡಿಂಗ್ ಸುಟ್ಟಿತ್ತು, ಸುತ್ತಿಸಿದ. ಅಂಗಡಿಯ ಇತಿಹಾಸದಲ್ಲೇ ಮೊದಲ ಸಲ ಹೇಳಿದ ಬುಧವಾರವೇ ಮೋಟಾರು ಹೊಲ ತಲುಪಿತು. ಸಾವ್ಕಾರರು ಇದು ತಮ್ಮದೇ ಹೊಸ ಪದ್ಧತಿಯೆಂದು ಬಂದವರಿಗೆಲ್ಲ ಹೇಳತೊಡಗಿದರು.

ಸಂಜೆ ಮೆಕ್ಯಾನಿಕ್ ಆ ಹೊಲದಿಂದಲೇ ಫೋನ್ ಮಾಡಿದ. "ಮೋಟಾರು ಛಲೋ ಅದ್ರಿ, ಬಾಯಿ. ಆದ್ರ ಇಳಿಸ್ಲಿಲ್ಲ. ಹುರಿಗೆ ಕಲ್ಲು ಕಟ್ಟಿ ಬೋರಿನಾಗ ಬಿಟ್ಟು ನೋಡ್ದೆ. ಶುಕ್ರವಾರ ಹುರಿ ತುದಿ ಹಸಿ ಆಗಿತ್ತು. ಇವತ್ತು ತಳದ ತನಕ ಒಣಾ. ನೀರೇ ಇಲ್ರಿ."

ಬುಧವಾರ ಫೋನ್ ಮಾಡುತ್ತೇವೆಂದು ಬರೆದವಳು ನಾನೇ. ಮಾಡಿದೆ. ಅಕ್ಕ ಆಗಲೇ ನಾಂದೇಡದ ದಾರಿಯಲ್ಲಿದ್ದರು, ಅತ್ತ ಕುರಿಗಳ ಸದ್ದು ಕೇಳುತ್ತಿತ್ತು. ಮೋಟಾರು ರೆಡಿಯಾಗಿದೆ, ಬೋರು ಬತ್ತಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ನೀವು ನಾಳಿ ಅಂದಿದ್ರ ನಾವು ಅಲ್ಲೇ ಇರ್ತಿದ್ವಿ, ಬಾಯಿ, ಗುಂಪೂ ತಪ್ತಿತ್ತು," ಎಂದರು. ಫೋನನ್ನು ಪಕ್ಕಕ್ಕೆ ಹಿಡಿದು ಮಗಳಿಗೆ ಕೂಗಿದರು, "ಮಗಾ, ನಿಮ್ಮಪ್ಪಗ ಹೇಳು, ಈ ವರ್ಷ ಊರಿಗಿ ಹೋಗೂದಿಲ್ಲಂತ."